ಅವನಿಗೆ ಸಮನಾಗಿ ಯಾರೂ ಇರಲಿಲ್ಲ: ಐದು ಪದಗಳ ಒಂದು ಆಯತ್‌ನ ವ್ಯಾಕರಣ

ಕುರ್‌ಆನಿನ 112ನೇ ಅಧ್ಯಾಯ ಸೂರಃ ಇಖ್ಲಾಸ್. ಅದರಲ್ಲಿರುವುದು ನಾಲ್ಕೇ ಆಯತ್‌ಗಳು. ಕೊನೆಯ ಆಯತ್ ಹೀಗಿದೆ:

ವಲಮ್ ಯಕುನ್ ಲಹೂ ಕುಫುವನ್ ಅಹದ್.

ಅರಬಿ ಬರಹದಲ್ಲಿ ಇದು ಐದು ಪದ. ಕನ್ನಡದಲ್ಲಿ ಹೇಳಿದರೆ, "ಅವನಿಗೆ ಸಮನಾಗಿ ಯಾರೂ ಇರಲಿಲ್ಲ". ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಲಹೂ ಅಂದರೆ ಅವನಿಗೆ. ಕುಫುವನ್ ಅಂದರೆ ಸಮನಾಗಿ. ಅಹದ್ ಅಂದರೆ ಯಾರೂ. ಮೊದಲ ಎರಡು ಪದ, ವಲಮ್ ಯಕುನ್, ನಮ್ಮ "ಇರಲಿಲ್ಲ". ಅದಕ್ಕೆ ಹಿಂದಿನ ಮಾತಿಗೆ ಕೂಡಿಸುವ ಒಂದು "ಮತ್ತು" ಸೇರಿದೆ, ಅಷ್ಟೆ. ಕ್ರಿಯಾಪದ ಅವರಲ್ಲಿ ಮೊದಲಿಗೆ ಬರುತ್ತದೆ, ನಮ್ಮಲ್ಲಿ ಕೊನೆಗೆ. ಉಳಿದ ಮೂರು ಪದಗಳ ಸಾಲು ಎರಡೂ ಕಡೆ ಒಂದೇ.

ಈ ಸಾಲು ನಮಗೆ ಸಹಜ ಅನ್ನಿಸುತ್ತದೆ. ಆದರೆ ಅರಬಿ ವ್ಯಾಕರಣ ಕಲಿಯುವವನಿಗೆ ಇದು ತಿರುಗುಮುರುಗಾದ ಸಾಲು. ಅರಬಿಯ ಸಾಮಾನ್ಯ ರೂಢಿಯಲ್ಲಿ "ಇರಲಿಲ್ಲ – ಯಾರೂ – ಸಮನಾಗಿ – ಅವನಿಗೆ" ಎಂದು ಬರಬೇಕಿತ್ತು. ಆಯತ್‌ನಲ್ಲಿ ಆ ಮೂರು ಪದಗಳೂ ಹಿಂದುಮುಂದಾಗಿವೆ. ಹಾಗಿದ್ದರೂ ಅರ್ಥ ಸ್ವಲ್ಪವೂ ಕದಲಿಲ್ಲ. ಯಾವ ಪದ ಯಾವ ಕೆಲಸ ಮಾಡುತ್ತಿದೆ ಎಂದು ತೋರಿಸುವ ಗುರುತು ಪದದ ತುದಿಯಲ್ಲೇ ಇದೆ. ಆ ಗುರುತುಗಳನ್ನು ಓದುವ ವಿದ್ಯೆಗೆ ಅರಬಿಯಲ್ಲಿ ಇಅರಾಬ್ ಎನ್ನುತ್ತಾರೆ.

ಬಾಯಿ ತೆರೆದರೆ ಒಂದು, ಮುಚ್ಚಿದರೆ ಒಂದು

ನಾವು ಶಾಲೆಯಲ್ಲಿ "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ" ಎಂದು ಬಾಯಿಪಾಠ ಮಾಡಿದವರು. ಅರಬಿಯಲ್ಲಿ ನಾಮಪದಕ್ಕೆ ಇಷ್ಟು ಇಲ್ಲ, ಮೂರೇ ಸ್ಥಿತಿ. ರಫಅ, ನಸ್ಬ್, ಜರ್. ಹೆಚ್ಚಿನ ಪದಗಳಲ್ಲಿ ಇವುಗಳ ಗುರುತು ಕೊನೆಯ ಅಕ್ಷರದ ಮೇಲೆ ಬರುವ ಒಂದು ಚಿಕ್ಕ ಸ್ವರ. ಉ ಬಂದರೆ ರಫಅ, ಅ ಬಂದರೆ ನಸ್ಬ್, ಇ ಬಂದರೆ ಜರ್. ಗೊತ್ತುಪಡಿಸದ ನಾಮಪದವಾದರೆ ಆ ಸ್ವರದ ಜೊತೆ ಒಂದು "ನ್" ಸದ್ದೂ ಸೇರುತ್ತದೆ. ಕಿತಾಬ್ ನಮಗೆಲ್ಲ ಗೊತ್ತಿರುವ ಪದ. ಅದು ಕಿತಾಬುನ್, ಕಿತಾಬನ್, ಕಿತಾಬಿನ್ ಎಂದು ಬದಲಾಗುತ್ತದೆ.

ಕರ್ನಾಟಕದ ಮದರಸಾಗಳಲ್ಲಿ ಉರ್ದು ಹಾದಿಯಲ್ಲಿ ಕುರ್‌ಆನ್ ಕಲಿತವರಿಗೆ ಈ ಸ್ವರಗಳು ಪೇಶ್, ಜಬರ್, ಜೇರ್ ಎಂದು ಪರಿಚಯ. "ನ್" ಸೇರಿದರೆ ದೋ ಪೇಶ್, ದೋ ಜಬರ್, ದೋ ಜೇರ್. ಅರಬಿಯಲ್ಲಿ ಇವುಗಳ ಹೆಸರು ದಮ್ಮ, ಫತ್ಹ, ಕಸ್ರ. ಫತ್ಹ ಅಂದರೆ ತೆರೆಯುವುದು. ದಮ್ಮ ಅಂದರೆ ಕೂಡಿಸುವುದು. ಕಸ್ರ ಅಂದರೆ ಮುರಿಯುವುದು. ಅ ಎನ್ನುವಾಗ ಬಾಯಿ ತೆರೆಯುತ್ತದೆ, ಉ ಎನ್ನುವಾಗ ತುಟಿಗಳು ಕೂಡುತ್ತವೆ. ಒಮ್ಮೆ ಕನ್ನಡಿ ಮುಂದೆ ನಿಂತು ಹೇಳಿ ನೋಡಿ, ಗೊತ್ತಾಗುತ್ತದೆ.

ಈ ಹೆಸರುಗಳ ಹಿಂದೆ ಪರಂಪರೆಯಲ್ಲಿ ಹೇಳಿಕೊಂಡು ಬಂದ ಒಂದು ಕಥೆಯಿದೆ. 7ನೇ ಶತಮಾನದ ಬಸ್ರಾ ಪಟ್ಟಣದಲ್ಲಿ ಅಬುಲ್ ಅಸ್ವದ್ ಅದ್ದುಅಲೀ ಎಂಬ ವಿದ್ವಾಂಸರಿದ್ದರು. ಆಗಿನ ಕುರ್‌ಆನ್ ಪ್ರತಿಗಳಲ್ಲಿ ಸ್ವರದ ಗುರುತುಗಳೇ ಇರಲಿಲ್ಲ. ಒಬ್ಬ ಓದುಗ 9ನೇ ಸೂರದ ಒಂದು ಆಯತ್‌ನಲ್ಲಿ "ರಸೂಲುಹೂ" ಎಂಬುದನ್ನು "ರಸೂಲಿಹೀ" ಎಂದು ಓದಿದ್ದು ಅವರ ಕಿವಿಗೆ ಬಿತ್ತಂತೆ. ಅಲ್ಲಿ ಮಾತು ಹೀಗಿದೆ: ಬಹುದೇವಾರಾಧಕರ ಹೊಣೆಯಿಂದ ಅಲ್ಲಾಹನು ಮುಕ್ತ, ಅವನ ಸಂದೇಶವಾಹಕರಾದ ರಸೂಲರೂ ಮುಕ್ತ. ಒಂದು ಉ ಹೋಗಿ ಇ ಆದರೆ, "ಬಹುದೇವಾರಾಧಕರಿಂದಲೂ ತನ್ನ ರಸೂಲರಿಂದಲೂ ಅಲ್ಲಾಹನು ಮುಕ್ತ" ಎಂದಾಗುತ್ತದೆ. ಎಷ್ಟು ದೊಡ್ಡ ಅನಾಹುತ ನೋಡಿ. ಆಮೇಲೆ ಅವರು ಒಬ್ಬ ಬರಹಗಾರನನ್ನು ಎದುರಿಗೆ ಕೂರಿಸಿಕೊಂಡರು. ನಾನು ಬಾಯಿ ತೆರೆದರೆ ಅಕ್ಷರದ ಮೇಲೆ ಚುಕ್ಕೆ ಇಡು, ತುಟಿ ಕೂಡಿಸಿದರೆ ಅಕ್ಷರದ ಮುಂದೆ ಇಡು, ಕೆಳಗೆ ಇಳಿಸಿದರೆ ಕೆಳಗೆ ಇಡು ಎಂದರಂತೆ. ಈಗ ನಾವು ಕಾಣುವ ಪೇಶ್, ಜಬರ್, ಜೇರ್ ಆಕಾರಗಳು ಆ ಚುಕ್ಕೆಗಳ ನಂತರ ಬಂದವು.

ಇಷ್ಟು ಸಾಮಾನು ಇಟ್ಟುಕೊಂಡು ನಮ್ಮ ಆಯತ್‌ಗೆ ಬರೋಣ.

ವಲಮ್ ಯಕುನ್

"ವ" ಅಂದರೆ ಮತ್ತು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಲಮ್" ಮಾತ್ರ ಸಾಮಾನ್ಯ ಪದವಲ್ಲ. ಮದರಸಾದಲ್ಲಿ ಇದರ ಬಗ್ಗೆ ಒಂದು ಸಾಲನ್ನು ರಾಗವಾಗಿ ಹೇಳಿಸುತ್ತಾರೆ: ಹರ್ಫು ನಫ್ಯಿನ್ ವ ಜಜ್ಮಿನ್ ವ ಕಲ್ಬಿನ್. ಅಂದರೆ ಲಮ್ ಮೂರು ಕೆಲಸ ಮಾಡುತ್ತದೆ. ಇಲ್ಲ ಎನ್ನುತ್ತದೆ. ಮುಂದಿನ ಕ್ರಿಯಾಪದದ ತುದಿಯ ಸ್ವರವನ್ನು ಕತ್ತರಿಸುತ್ತದೆ. ಆ ಕ್ರಿಯಾಪದದ ಕಾಲವನ್ನು ತಿರುಗಿಸುತ್ತದೆ.

ಕಾಲ ತಿರುಗಿಸುವುದು ಅಂದರೆ ಏನು? ಯಕೂನು ಎಂಬುದು "ಇರುತ್ತಾನೆ" ಎಂಬ ಅರ್ಥದ ರೂಪ. ಅದರ ಹಿಂದೆ ಲಮ್ ಬಂದ ಕೂಡಲೇ ಅರ್ಥ ಭೂತಕಾಲಕ್ಕೆ ಹೋಗುತ್ತದೆ. ಅರಬಿ ಕಲಿಯುವ ಬೇರೆ ಭಾಷೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಹಾಗೆ ಅನ್ನಿಸಬೇಕಿಲ್ಲ. "ಬಂದನು" ಎಂಬುದಕ್ಕೆ ನಾವು ಇಲ್ಲ ಎನ್ನುವುದು ಹೇಗೆ? "ಬಂದನಿಲ್ಲ" ಎನ್ನುವುದಿಲ್ಲ, "ಬರಲಿಲ್ಲ" ಎನ್ನುತ್ತೇವೆ. ಬಂದ ಎಂಬಲ್ಲಿ ಇದ್ದ ಭೂತಕಾಲದ ಗುರುತು ಬರಲಿಲ್ಲ ಎಂಬಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಆದರೂ ಅರ್ಥ ನಿನ್ನೆಯದ್ದೇ. ಇಲ್ಲ ಎನ್ನುವ ಪದವೇ ಕ್ರಿಯಾಪದದ ರೂಪವನ್ನೂ ಕಾಲವನ್ನೂ ಹಿಡಿದು ನಿಂತಿದೆ. ಲಮ್ ಮಾಡುವ ಕೆಲಸವೂ ಇಂಥದ್ದೇ. ಅದಕ್ಕೇ "ಲಮ್ ಯಕುನ್" ಎಂಬುದಕ್ಕೆ "ಇರಲಿಲ್ಲ" ಎಂಬುದು ಅಷ್ಟು ಚೆನ್ನಾಗಿ ಕೂರುತ್ತದೆ. ಕನ್ನಡ ಅನುವಾದಗಳಲ್ಲಿ ಸಾಮಾನ್ಯವಾಗಿ "ಇಲ್ಲ" ಎಂದೇ ಬರೆಯುತ್ತಾರೆ. ಅದು ತಪ್ಪಲ್ಲ. ದೇವರ ವಿಷಯದಲ್ಲಿ ಹಿಂದೆಂದೂ ಇರದಿದ್ದದ್ದು ಈಗಲೂ ಇಲ್ಲ ಎಂಬುದು ಅಲ್ಲಿನ ಭಾವ. ಆದರೆ ವ್ಯಾಕರಣದ ರೂಪ ಹೇಳುವುದು ಇರಲಿಲ್ಲ ಎಂದು.

ಈಗ ತುದಿ ಕತ್ತರಿಸುವ ಕೆಲಸ. ಇದಕ್ಕೆ ಜಜ್ಮ್ ಎಂದು ಹೆಸರು. ಯಕೂನು ಪದದ ಕೊನೆಯ ಉ ಹೋಗಿ ಯಕೂನ್ ಆಗಬೇಕು. ಆದರೆ ಆಯತ್‌ನಲ್ಲಿರುವುದು ಯಕುನ್. ದೀರ್ಘ ಹ್ರಸ್ವವಾಗಿದೆ. ಊ ಎಂಬ ದೀರ್ಘದ ಬಾಲ ಅರಬಿ ಲೆಕ್ಕದಲ್ಲಿ ಸ್ವರವಿಲ್ಲದ ಒಂದು ವಾವ್ ಅಕ್ಷರ. ತುದಿಯ ನೂನ್ ಕೂಡ ಈಗ ಸ್ವರ ಕಳೆದುಕೊಂಡಿದೆ. ಸ್ವರವಿಲ್ಲದ ಎರಡು ಅಕ್ಷರ ಒಟ್ಟಿಗೆ ನಿಲ್ಲುವುದು ಇಲ್ಲಿ ನಡೆಯುವುದಿಲ್ಲ. ಅದಕ್ಕೆ ವಾವ್ ಬಿದ್ದುಹೋಯಿತು. ಹೀಗಾಗಿ ಜಜ್ಮ್ ಆಗಿದೆ ಎಂಬುದು ಬರೀ ಸ್ವರದ ಗುರುತಿನಲ್ಲಿ ಅಲ್ಲ, ಅಕ್ಷರದಲ್ಲೇ ಕಾಣುತ್ತದೆ. ಹೊಸಬರು ನಿಘಂಟಿನಲ್ಲಿ ಯ-ಕ-ನ ಎಂದು ಹುಡುಕಿ ಸುಸ್ತಾಗುವುದು ಇಲ್ಲಿಯೇ. ಹುಡುಕಬೇಕಾದದ್ದು ಬಿದ್ದುಹೋದ ವಾವ್ ಸೇರಿಸಿ ಕಾಫ್-ವಾವ್-ನೂನ್ ಎಂಬ ಮೂಲವನ್ನು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 16ನೇ ಸೂರದ 120ನೇ ಆಯತ್‌ನಲ್ಲಿ ನೂನ್ ಕೂಡ ಬಿದ್ದು "ಲಮ್ ಯಕು" ಎಂದಷ್ಟೇ ಉಳಿದಿದೆ.

ಓದುವಾಗ ಇನ್ನೊಂದು ವಿಷಯ ಕಿವಿಗೆ ಬೀಳುತ್ತದೆ. ಯಾರೂ "ಯಕುನ್ ಲಹೂ" ಎಂದು ಬಿಡಿಸಿ ಓದುವುದಿಲ್ಲ, "ಯಕುಲ್ಲಹೂ" ಎಂದು ಓದುತ್ತಾರೆ. ಸ್ವರವಿಲ್ಲದ ನೂನ್ ಮುಂದೆ ಲಾಮ್ ಬಂದರೆ ನೂನ್ ಅದರಲ್ಲಿ ಕರಗುತ್ತದೆ. ಇದು ಉಚ್ಚಾರಣೆಯ ನಿಯಮ. ಪದದ ಸ್ಥಿತಿಗೂ ಇದಕ್ಕೂ ಸಂಬಂಧವಿಲ್ಲ.

ಆಗಿ ಎಂಬ ನಮ್ಮ ಪ್ರತ್ಯಯ

ನನಗೆ ಅರಬಿ ವ್ಯಾಕರಣದ ಮೊದಲ ಪಾಠ ಹೇಳಿದ ಹಜರತರು ಇದೇ ಆಯತ್ ಕೊಟ್ಟು ಪದಗಳ ಕೆಲಸ ಬರೆದುಕೊಂಡು ಬಾ ಎಂದಿದ್ದರು. ನಾನು ಕುಫುವನ್ ಪದದ ದೋ ಜಬರ್ ನೋಡಿದೆ. ಇದು ನಸ್ಬ್, ಅಂದರೆ ದ್ವಿತೀಯಾ ವಿಭಕ್ತಿ, ಅಂದರೆ ಕರ್ಮ ಎಂದು ಬರೆದುಬಿಟ್ಟೆ. ಅವರು ಓದಿ, "ಏನ್ರಿ, ಇರೋದು ಅನ್ನೋ ಕ್ರಿಯೆಗೆ ಕರ್ಮ ಎಲ್ಲಿಂದ ಬರುತ್ತೆ? ಯಾರನ್ನ ಇದ್ದ ಅಂತ ಕೇಳ್ತೀರಾ?" ಎಂದರು. ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ನನ್ನ ತಪ್ಪು ಕನ್ನಡದ ಕಡೆಯಿಂದ ಬಂದವರು ಮಾಡುವ ಸಹಜವಾದ ತಪ್ಪು. ನಸ್ಬ್ ಎಂದರೆ "ಅನ್ನು" ಎಂದುಕೊಳ್ಳುತ್ತೇವೆ. ಕರ್ಮಕ್ಕೆ ನಸ್ಬ್ ಬರುತ್ತದೆ, ನಿಜ. ಆದರೆ ನಸ್ಬ್ ಬಂದದ್ದೆಲ್ಲ ಕರ್ಮವಲ್ಲ. ಅದು ಹಲವು ಕೆಲಸಗಳಿಗೆ ಬರುವ ಒಂದೇ ಗುರುತು. ಇಲ್ಲಿ ಅದು ಬಂದದ್ದು ಕಾನ ಎಂಬ ಕ್ರಿಯೆಯಿಂದ. ಯಕುನ್ ಅದರದೇ ಒಂದು ರೂಪ.

ಇದು ಅರ್ಥವಾಗಲು ಮೊದಲು ಕಾನ ಇಲ್ಲದ ವಾಕ್ಯ ನೋಡಬೇಕು. ಕನ್ನಡದಲ್ಲಿ "ಜೈದ್ ರಾಜ" ಎಂದರೆ ಸಾಕು, ವಾಕ್ಯ ಮುಗಿಯಿತು. ನಡುವೆ ಕ್ರಿಯಾಪದ ಬೇಕಿಲ್ಲ. ಅರಬಿಯಲ್ಲೂ ಅಷ್ಟೇ: ಜೈದುನ್ ಮಲಿಕುನ್. ಎರಡೂ ಪದಕ್ಕೆ ದೋ ಪೇಶ್, ಎರಡೂ ರಫಅ. ಮೊದಲನೆಯದು ಮುಬ್ತದಾ, ಅಂದರೆ ಮಾತು ಶುರುವಾಗುವ ಜಾಗ. ಎರಡನೆಯದು ಖಬರ್. ಉತ್ತರ ಕರ್ನಾಟಕದಲ್ಲಿ "ಏನೂ ಖಬರಿಲ್ಲ" ಎನ್ನುತ್ತಾರಲ್ಲ, ಅದೇ ಖಬರ್. ಜೈದ್ ಬಗ್ಗೆ ಏನು ಸುದ್ದಿ? ರಾಜ ಎಂಬುದು ಸುದ್ದಿ.

ಈಗ ಇದನ್ನು ಹಿಂದಿನ ಕಾಲಕ್ಕೆ ಒಯ್ಯಿರಿ. "ಜೈದ್ ರಾಜ ಇದ್ದ" ಎಂದು ಬರೆಯುವುದಿಲ್ಲ, "ಜೈದ್ ರಾಜನಾಗಿದ್ದ" ಎಂದು ಬರೆಯುತ್ತೇವೆ. ಜೈದ್ ಪದಕ್ಕೆ ಏನೂ ಆಗಲಿಲ್ಲ. ರಾಜ ಪದಕ್ಕೆ ಮಾತ್ರ "ಆಗಿ" ಅಂಟಿಕೊಂಡಿತು. ಅರಬಿ ಹೇಳುವುದು: ಕಾನ ಜೈದುನ್ ಮಲಿಕನ್. ಜೈದುನ್ ಹಾಗೇ ರಫಅದಲ್ಲಿ ಉಳಿಯಿತು. ಮಲಿಕುನ್ ಹೋಗಿ ಮಲಿಕನ್ ಆಯಿತು, ಅಂದರೆ ನಸ್ಬ್. ನಮ್ಮ "ಆಗಿ" ಬಂದ ಜಾಗಕ್ಕೇ ಅವರ ದೋ ಜಬರ್ ಬಂದಿದೆ. ಇದನ್ನು ಕಂಡುಕೊಂಡ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಾನ ಬಂದಾಗ ಖಬರಿಗೆ ನಸ್ಬ್ ಏಕೆ ಎಂದು ಸುಮ್ನೆ ಬಾಯಿಪಾಠ ಮಾಡಿದ್ದೆ. ಮನೆಯಲ್ಲೇ ಇದ್ದ "ಆಗಿ" ಕಣ್ಣಿಗೆ ಬಿದ್ದಿರಲಿಲ್ಲ.

ಅರಬಿ ವ್ಯಾಕರಣಕಾರರು ಕಾನವನ್ನು ನಾಕಿಸ್ ಎಂದು ಕರೆಯುತ್ತಾರೆ. ಅಂದರೆ ಪೂರ್ತಿಯಾಗದ ಕ್ರಿಯೆ. "ಜೈದ್ ಆಗಿದ್ದ" ಎಂದು ಅಷ್ಟಕ್ಕೇ ನಿಲ್ಲಿಸಿದರೆ ಕೇಳುವವರು "ಏನಾಗಿದ್ದ?" ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗುವ ಪದವೇ ಕಾನದ ಖಬರ್, ಅದಕ್ಕೆ ನಸ್ಬ್. ಯಾರ ಬಗ್ಗೆ ಮಾತೋ ಆ ಪದ ಕಾನದ ಇಸ್ಮ್, ಅದಕ್ಕೆ ರಫಅ.

ಇನ್ನು ಆಯತ್‌ನಲ್ಲಿ ಹುಡುಕುವುದು ಸುಲಭ. ಯಕುನ್ ಇದೆ. ಹಾಗಾದರೆ ರಫಅದಲ್ಲಿರುವ ಒಂದು ಪದ, ನಸ್ಬ್‌ನಲ್ಲಿರುವ ಒಂದು ಪದ ಇರಬೇಕು. ಕುಫುವನ್ ಪದಕ್ಕೆ ದೋ ಜಬರ್ ಇದೆ, ಅದು ಖಬರ್: ಸಮನಾಗಿ. ಅಹದ್ ಪದಕ್ಕೆ ಮುಸ್‌ಹಫಿನಲ್ಲಿ, ಅಂದರೆ ಕುರ್‌ಆನಿನ ಬರಹದ ಪ್ರತಿಯಲ್ಲಿ, ದೋ ಪೇಶ್ ಬರೆದಿದ್ದಾರೆ. ಅಹದುನ್, ರಫಅ. ಅದು ಇಸ್ಮ್: ಯಾರೂ. ಖಬರ್ ಮುಂದೆ ಬಂದಿದೆ, ಇಸ್ಮ್ ಹಿಂದೆ ಸರಿದಿದೆ.

ಗುರುತುಗಳನ್ನು ಅದಲುಬದಲು ಮಾಡಿದರೆ ಏನಾಗುತ್ತಿತ್ತು? ಕುಫುವುನ್ ಅಹದನ್ ಎಂದಿದ್ದರೆ "ಅವನಿಗೆ ಸಮನಾದವನು ಒಬ್ಬನಾಗಿರಲಿಲ್ಲ" ಎಂಬ ಕಡೆ ಅರ್ಥ ಜಾರುತ್ತದೆ. ಸಮನಾದವನು ಇದ್ದಾನೆ ಎಂದು ಒಪ್ಪಿಕೊಂಡು, ಅವನು ಒಬ್ಬನೋ ಅಲ್ಲವೋ ಎಂದು ಮಾತಾಡಿದ ಹಾಗಾಗುತ್ತದೆ. ಆಯತ್ ಹೇಳುವುದು ಅದರ ತೀರಾ ವಿರುದ್ಧ.

ಕೇಳಿಸದ ತುದಿ

ಈಗ ಒಂದು ತೊಡಕು. ಅಹದುನ್ ಎಂದು ನಾನು ಬರೆದೆ, ಆದರೆ ಓದುವವರ ಬಾಯಲ್ಲಿ ಹಾಗೆ ಕೇಳಿಸುವುದಿಲ್ಲ. ಆಯತ್ ಮುಗಿದಲ್ಲಿ ಉಸಿರು ನಿಲ್ಲಿಸುತ್ತಾರೆ. ನಿಲ್ಲಿಸುವಾಗ ಅರಬಿಯಲ್ಲಿ ತುದಿಯ ಸ್ವರ ಬಿಟ್ಟುಬಿಡುತ್ತಾರೆ. "ಅಹದ್" ಎಂದು, ಕೊನೆಯ ದಾಲ್ ಅಕ್ಷರವನ್ನು ಸ್ವಲ್ಪ ಪುಟಿಸಿ ನಿಲ್ಲುತ್ತಾರೆ. ಹಾಗಾದರೆ ಕಿವಿಯಲ್ಲಿ ಕೇಳುವವನಿಗೆ ಇದು ರಫಅ ಎಂದು ಗೊತ್ತಾಗುವುದು ಹೇಗೆ?

ಗೊತ್ತಾಗುತ್ತದೆ. ಕಾರಣ, ದೋ ಜಬರ್ ಇರುವ ಪದ ಹೀಗೆ ಮಾಯವಾಗುವುದಿಲ್ಲ. ದೋ ಪೇಶ್ ಅಥವಾ ದೋ ಜೇರ್ ಇರುವ ಪದದ ಮೇಲೆ ನಿಂತರೆ ಸ್ವರ ಪೂರ್ತಿ ಬೀಳುತ್ತದೆ. ದೋ ಜಬರ್ ಇರುವ ಪದದ ಮೇಲೆ ನಿಂತರೆ "ನ್" ಮಾತ್ರ ಹೋಗಿ ದೀರ್ಘ ಆ ಉಳಿಯುತ್ತದೆ. ಅಹದ್ ಪದ ನಸ್ಬ್‌ನಲ್ಲಿ ಇದ್ದಿದ್ದರೆ "ಅಹದಾ" ಎಂದು ಕೇಳಬೇಕಿತ್ತು. ಕೇಳಿಸುವುದು "ಅಹದ್". ಆದ್ದರಿಂದ ನಸ್ಬ್ ಅಲ್ಲ. ಅದನ್ನು ಜರ್ ಸ್ಥಿತಿಗೆ ಎಳೆಯುವ ಪದ ಅದರ ಹಿಂದೆ ಯಾವುದೂ ಇಲ್ಲ. ಉಳಿದದ್ದು ರಫಅ ಒಂದೇ.

ಬರಹದಲ್ಲೂ ಇದೇ ಸಾಕ್ಷಿ ಇದೆ. ಕುಫುವನ್ ಪದವನ್ನು ಅರಬಿ ಅಕ್ಷರದಲ್ಲಿ ನೋಡಿದರೆ ಕಾಫ್, ಫಾ, ವಾವ್, ಆಮೇಲೆ ಒಂದು ಅಲಿಫ್. ಆ ಅಲಿಫ್ ಆ ದೀರ್ಘ ಆ ಸದ್ದಿನದು. ಅಹದ್ ಪದದಲ್ಲಿ ಅಲಿಫ್, ಹಾ, ದಾಲ್ ಅಷ್ಟೇ. ದಾಲ್ ನಂತರ ಏನೂ ಇಲ್ಲ. ಚುಕ್ಕೆ, ಪೇಶ್, ಜಬರ್ ಯಾವುದೂ ಇಲ್ಲದ ಹಳೆಯ ಬರಹದಲ್ಲೇ ಯಾವುದು ಖಬರ್, ಯಾವುದು ಇಸ್ಮ್ ಎಂದು ಈ ಒಂದು ಅಲಿಫ್ ಹೇಳುತ್ತಿತ್ತು.

ಇದೇ ಸೂರದ ಮೊದಲ ಆಯತ್ ಕೂಡ ಅಹದ್ ಎಂದೇ ಮುಗಿಯುತ್ತದೆ: ಕುಲ್ ಹುವಲ್ಲಾಹು ಅಹದ್. ಅಲ್ಲೂ ಅದು ರಫಅವೇ, ಆದರೆ ಕೆಲಸ ಬೇರೆ. ಅಲ್ಲಿ ಕಾನ ಇಲ್ಲ. "ಅಲ್ಲಾಹನು ಒಬ್ಬನೇ" ಎಂಬ ಕ್ರಿಯಾಪದವಿಲ್ಲದ ವಾಕ್ಯ ಅದು, ಅಲ್ಲಿ ಅಹದ್ ಖಬರ್. ಒಂದೇ ಪದ, ಒಂದೇ ಸ್ಥಿತಿ, ಒಂದು ಕಡೆ ಸುದ್ದಿ, ಇನ್ನೊಂದು ಕಡೆ ಸುದ್ದಿಯ ಒಡೆಯ. ಅರ್ಥವೂ ಸ್ವಲ್ಪ ಬೇರೆ. ಮೊದಲ ಕಡೆ ಒಬ್ಬನೇ, ಇಲ್ಲಿ "ಇಲ್ಲ" ಎಂಬುದರ ಜೊತೆ ಸೇರಿ ಯಾರೂ. ಆದ್ದರಿಂದ ಗುರುತು ನೋಡಿದ ಕೂಡಲೇ ಕೆಲಸ ಹೇಳಲು ಆಗುವುದಿಲ್ಲ. ಗುರುತು ಸಾಧ್ಯತೆಗಳನ್ನು ಕಡಿಮೆ ಮಾಡುತ್ತದೆ. ವಾಕ್ಯದಲ್ಲಿ ಯಾವ ಪದ ಯಾವುದನ್ನು ಆಳುತ್ತಿದೆ ಎಂಬುದನ್ನು ಓದುಗನೇ ನೋಡಿಕೊಳ್ಳಬೇಕು.

ಅವನಿಗೆ ಎಂಬುದು ಯಾರ ಜೊತೆ?

ಲಹೂ ಪದವನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ನೋಡಲು ಸರಳ. "ಲ" ನಮ್ಮ "ಗೆ" ಇದ್ದ ಹಾಗೆ. ನಾವು ಹಿಂದೆ ಅಂಟಿಸುತ್ತೇವೆ, ಅವರು ಮುಂದೆ ಅಂಟಿಸುತ್ತಾರೆ. "ಹು" ಅಂದರೆ ಅವನು. "ಲ" ಬಂದರೆ ಮುಂದಿನ ನಾಮಪದ ಜರ್ ಸ್ಥಿತಿಗೆ ಹೋಗಬೇಕು, ಇ ಸ್ವರ ಬರಬೇಕು. ಆದರೆ ಹು ಪದದ ತುದಿಯಲ್ಲಿ ಉ ಇದೆ! ಹಾಗಾದರೆ ಇದು ರಫಅವೇ? ಅಲ್ಲ. ಸರ್ವನಾಮಗಳು ಅರಬಿಯಲ್ಲಿ ಗುರುತು ಬದಲಿಸದ ಪದಗಳು, ಅವುಗಳಿಗೆ ಮಬ್ನೀ ಎಂದು ಹೆಸರು. ಅಲ್ಲಿನ ಉ ಆ ಪದದ ಸ್ವಂತದ್ದು, ವಿಭಕ್ತಿಯದ್ದಲ್ಲ. ಅದಕ್ಕೆ ವ್ಯಾಕರಣಕಾರರು "ಜರ್‌ನ ಜಾಗದಲ್ಲಿದೆ" ಎನ್ನುತ್ತಾರೆ. ಪದ ಬದಲಾಗಲಿಲ್ಲ, ಕುಳಿತ ಜಾಗ ಮಾತ್ರ ಜರ್. ಓದುವಾಗ ಹೂ ಎಂದು ದೀರ್ಘವಾಗುವುದು ಕೂಡ ಉಚ್ಚಾರಣೆಯ ನಿಯಮದಿಂದ.

ನಿಜವಾದ ಚರ್ಚೆ ಇರುವುದು ಈ "ಅವನಿಗೆ" ಯಾರ ಜೊತೆ ಸೇರುತ್ತದೆ ಎಂಬಲ್ಲಿ. ಇದನ್ನು ಕನ್ನಡದಲ್ಲೇ ನೋಡಬಹುದು. "ಅವನಿಗೆ ಸಮನಾಗಿ ಯಾರೂ ಇರಲಿಲ್ಲ" ಎಂಬ ವಾಕ್ಯವನ್ನು ಎರಡು ರೀತಿ ಬಿಡಿಸಬಹುದು. "ಅವನಿಗೆ ಸಮ" ಎಂದು ಮೊದಲ ಎರಡು ಪದ ಒಟ್ಟಾಗಿ ಹಿಡಿಯುವುದು ಒಂದು ರೀತಿ. "ಅವನಿಗೆ ಯಾರೂ ಇರಲಿಲ್ಲ" ಎಂಬುದನ್ನೇ ಮುಖ್ಯ ಮಾತಾಗಿ ಹಿಡಿದು, "ಸಮನಾಗಿ" ಎಂಬುದನ್ನು ನಡುವೆ ಸೇರಿಸಿದ ವಿವರಣೆ ಎನ್ನುವುದು ಇನ್ನೊಂದು ರೀತಿ. "ಅವನಿಗೆ ಅಣ್ಣತಮ್ಮಂದಿರು ಯಾರೂ ಇರಲಿಲ್ಲ" ಎನ್ನುವಾಗ ನಾವು ಗೆ ಬಳಸುವುದು ಹೀಗೆಯೇ, ಅಲ್ವಾ? ಅರಬಿಯ "ಲ" ಪದಕ್ಕೂ ಇವೆರಡೂ ಕೆಲಸ ಬರುತ್ತವೆ. ಅದಕ್ಕೆ ಅರಬಿ ವ್ಯಾಕರಣದಲ್ಲೂ ಈ ಆಯತ್‌ಗೆ ಎರಡು ವಿವರಣೆ ಹುಟ್ಟಿದವು.

ಮೊದಲ ವಿವರಣೆಯಲ್ಲಿ ಕುಫುವನ್ ಖಬರ್, ಲಹೂ ಅದಕ್ಕೆ ಸೇರಿದ್ದು. ಇಲ್ಲಿಯವರೆಗೆ ನಾನು ಹೇಳಿದ್ದು ಇದನ್ನೇ. ಎರಡನೆಯದರಲ್ಲಿ ಲಹೂ ಎಂಬುದೇ ಖಬರ್. ಆಗ ಕುಫುವನ್ ಪದಕ್ಕೆ ನಸ್ಬ್ ಯಾಕೆ ಬಂತು? ಅದು ಮೂಲದಲ್ಲಿ ಅಹದ್ ಪದದ ವಿಶೇಷಣ ಎನ್ನುತ್ತಾರೆ. ಅರಬಿಯಲ್ಲಿ ವಿಶೇಷಣ ನಾಮಪದದ ಹಿಂದೆ ನಡೆದು ಅದರ ಗುರುತನ್ನೇ ತಾನೂ ಹೊರಬೇಕು: ಅಹದುನ್ ಕುಫುವುನ್. ಅದು ನಾಮಪದವನ್ನು ದಾಟಿ ಮುಂದೆ ಬಂದರೆ ವಿಶೇಷಣವಾಗಿ ಉಳಿಯಲಾರದು. ಆಗ ಅದು ಹಾಲ್ ಆಗುತ್ತದೆ, ಅಂದರೆ ಯಾವ ಸ್ಥಿತಿಯಲ್ಲಿ ಎಂದು ಹೇಳುವ ಪದ. ಹಾಲ್‌ಗೆ ನಸ್ಬ್. ಎರಡೂ ವಿವರಣೆಯಲ್ಲಿ ತುದಿಯ ಗುರುತು ಒಂದೇ, ಕಾರಣ ಬೇರೆ. ನಮ್ಮ "ಸಮನಾಗಿ" ಕೂಡ ಎರಡಕ್ಕೂ ಒಗ್ಗುತ್ತದೆ.

ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಲಹೂ ಎಂಬುದೇ ಖಬರ್ ಎಂದರೆ ವಾಕ್ಯದ ಬೆನ್ನೆಲುಬು "ಅವನಿಗೆ ಯಾರೂ ಇರಲಿಲ್ಲ" ಎಂದಾಗುತ್ತದೆ. ಅದು ಇಲ್ಲಿ ಹೇಳಬೇಕಾದ ಮಾತೇ ಅಲ್ಲ. ಸಮ ಎಂಬುದನ್ನು ತೆಗೆದರೆ ಮಾತೇ ಉಳಿಯದಿರುವಾಗ, ಅದನ್ನು ಪಕ್ಕಕ್ಕೆ ಸೇರಿಸಿದ ವಿವರಣೆ ಎನ್ನುವುದು ಕಷ್ಟ.

ಆದರೆ ಮೊದಲ ವಿವರಣೆಗೂ ಒಂದು ಪ್ರಶ್ನೆ ಕಾದಿದೆ. 8ನೇ ಶತಮಾನದ ವ್ಯಾಕರಣಕಾರ ಸೀಬವೈಹಿ ಒಂದು ಮಾತು ಹೇಳಿದ್ದಾರೆ. ಲಹೂ ಇಂಥ ಪದ ಖಬರ್ ಆಗಿದ್ದರೆ ಮುಂದೆ ತರುವುದು ಚೆಂದ, ಖಬರ್ ಅಲ್ಲದಿದ್ದರೆ ಹಿಂದೆ ಇಡುವುದು ಚೆಂದ ಎಂದು. ಇಲ್ಲಿ ಅದು ಖಬರ್ ಅಲ್ಲ, ಆದರೂ ಮುಂದೆ ಬಂದಿದೆ. 1144ರಲ್ಲಿ ತೀರಿಕೊಂಡ ಜಮಖ್ಶರೀ ತಮ್ಮ ಕುರ್‌ಆನ್ ವ್ಯಾಖ್ಯಾನದಲ್ಲಿ ಇದೇ ಪ್ರಶ್ನೆ ಎತ್ತಿಕೊಂಡು ಉತ್ತರ ಕೊಟ್ಟಿದ್ದಾರೆ. ಈ ಮಾತು ನಡೆಯುತ್ತಿರುವುದು ದೇವರಿಗೆ ಸಮನಾದವರು ಇಲ್ಲ ಎಂದು ಹೇಳಲು. ಆ ಅರ್ಥ ತಿರುಗುವುದು "ಅವನಿಗೆ" ಎಂಬ ಪದದ ಸುತ್ತ. ಹಾಗಾಗಿ ಮುಂದೆ ಬರಲು ಎಲ್ಲಕ್ಕಿಂತ ಅರ್ಹವಾದದ್ದು ಅದೇ ಎಂಬುದು ಅವರ ವಾದದ ಸಾರ. ಜಗತ್ತಿನಲ್ಲಿ ಯಾರಿಗೂ ಯಾರೂ ಸಮನಿಲ್ಲ ಎಂದು ಆಯತ್ ಹೇಳುತ್ತಿಲ್ಲ. ಅವನಿಗೆ ಇಲ್ಲ ಎನ್ನುತ್ತಿದೆ.

ಇಲ್ಲಿ ಒಂದು ಸಣ್ಣ ಮಾತು. ಕುಫುವನ್ ಪದವನ್ನು ಎಲ್ಲರೂ ಹೀಗೇ ಓದುವುದಿಲ್ಲ. ನಮ್ಮ ಕಡೆ ಚಾಲ್ತಿಯಲ್ಲಿರುವ ಹಫ್ಸ್ ಪಾಠದಲ್ಲಿ ವಾವ್ ಇದೆ. ಬೇರೆ ಮಾನ್ಯ ಪಾಠಗಳಲ್ಲಿ ವಾವ್ ಬದಲು ಹಮ್ಜ ಇಟ್ಟು "ಕುಫುಅನ್" ಎಂದೂ, ನಡುವಿನ ಉ ಇಲ್ಲದೆ "ಕುಫ್ಅನ್" ಎಂದೂ ಓದುವುದುಂಟು. ಪದದ ಒಡಲು ಬದಲಾಗುತ್ತದೆ. ತುದಿಯ ದೋ ಜಬರ್ ಮಾತ್ರ ಎಲ್ಲ ಪಾಠಗಳಲ್ಲೂ ಒಂದೇ.

ಅಹದ್ ಪದ ಕೊನೆಗೆ ಸರಿದದ್ದಕ್ಕೆ ಕಿವಿಗೆ ಸಿಗುವ ಕಾರಣವೂ ಒಂದಿದೆ. ಸೂರದ ನಾಲ್ಕೂ ಆಯತ್‌ಗಳ ಕೊನೆಯ ಪದ ಕೇಳಿ: ಅಹದ್, ಸಮದ್, ಯೂಲದ್, ಅಹದ್. ನಾಲ್ಕೂ ದಾಲ್ ಮೇಲೆ ನಿಲ್ಲುತ್ತವೆ. ರೂಢಿಯ ಸಾಲಿನಲ್ಲಿ "ಯಕುನ್ ಅಹದುನ್ ಕುಫುವನ್ ಲಹೂ" ಎಂದಿದ್ದರೆ ಈ ಪ್ರಾಸ ಇರುತ್ತಿರಲಿಲ್ಲ. ಇಸ್ಮ್ ಅಷ್ಟು ದೂರ ಹೋಗಿ ಕೂತರೂ ಯಾರೂ ಅದನ್ನು ಖಬರ್ ಎಂದು ತಪ್ಪು ತಿಳಿಯುವುದಿಲ್ಲ, ಅದರ ತುದಿಯ ಪೇಶ್ ಅದನ್ನು ಕಾಯುತ್ತದೆ.

ಆ ಪೇಶ್ ಅನ್ನು ಕಿವಿಯಲ್ಲೇ ಕೇಳಬೇಕು ಅನ್ನಿಸಿದರೆ, ನಿಲ್ಲಿಸದೆ ಓದುವವರನ್ನು ಹುಡುಕಿ. ಮೊದಲ ಆಯತ್ ಮತ್ತು ಎರಡನೆಯದನ್ನು ಕೂಡಿಸಿ ಓದಿದಾಗ "ಅಹದುನಿಲ್ಲಾಹುಸ್ಸಮದ್" ಎಂದಾಗುತ್ತದೆ. ದಾಲ್ ನಂತರದ ಉ ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ನಮ್ಮ ಆಯತ್ ಸೂರದ ಕೊನೆಯದು, ಅದರ ಮುಂದೆ ಬರುವುದು ಮುಂದಿನ ಸೂರದ ಬಿಸ್ಮಿಲ್ಲಾಹ್. ಕೆಲವು ಕಾರಿಗಳು, ಅಂದರೆ ಕುರ್‌ಆನ್ ಪಠಣಕಾರರು, ಒಂದೇ ಉಸಿರಿನಲ್ಲಿ ಎರಡನ್ನೂ ಸೇರಿಸಿ ಮುಂದಿನ ಸೂರಕ್ಕೆ ದಾಟುತ್ತಾರೆ. ಆಗ "ನ್" ಮುಂದೆ ಬ ಬಂದದ್ದರಿಂದ ಅದು "ಮ್" ಆಗಿ, "ಕುಫುವನ್ ಅಹದುಮ್ ಬಿಸ್ಮಿಲ್ಲಾಹಿ" ಎಂದು ಕೇಳುತ್ತದೆ. ಒಂದರ ತುದಿಯಲ್ಲಿ ಅನ್, ಇನ್ನೊಂದರ ತುದಿಯಲ್ಲಿ ಉಮ್. ಖಬರ್ ಮತ್ತು ಇಸ್ಮ್, ಎರಡೂ ಪಕ್ಕ ಪಕ್ಕ, ಎರಡೂ ಬಾಯಿಬಿಟ್ಟು ತಮ್ಮ ಕೆಲಸ ಹೇಳುತ್ತಿರುತ್ತವೆ.